ಸವಿತಾಳ ಬಯೋಡೇಟಾ ವಿಷಯಕ್ಕೆ

"ಕಾಕಾ, ಸವಿತಾಗೆ ಹುಬ್ಬಳ್ಳಿಯ ಕಂಪನಿಯಿಂದ ಫೋನ್ ಸಂದರ್ಶನಕ್ಕೆ ಕರೆ ಬಂದಿದೆ. ಎರಡೂ ಕಿವಿಗೆ ಯಂತ್ರ ಹಾಕುತ್ತಾಳೆ ಎಂದು ಬಯೋಡೇಟಾದಲ್ಲಿ ಬರೆಯಬೇಕಿತ್ತೇ? ಈಗ ಹೇಳಿದರೆ ಬೇಡ ಎಂದುಬಿಟ್ಟರೆ?"

ಬರೆಯದಿದ್ದರೆ ತಪ್ಪಿಲ್ಲ, ತಂಗಿ. ಆದರೆ ಕೇಳಿದ ಕಡೆ 'ಇಲ್ಲ' ಎಂದು ಮಾತ್ರ ಸಹಿ ಹಾಕಬಾರದು. ನನ್ನ ಕಿವಿಯ ಕಥೆ ನಿಮಗೆಲ್ಲ ಗೊತ್ತೇ ಇದೆ, ಚಿಕ್ಕಂದಿನಲ್ಲಿ ಸೋರಿ ಸೋರಿ ಹಾಳಾದದ್ದು. 1989ರ ಹಂಗಾಮಿನಲ್ಲಿ ನಮ್ಮ ಕಡೆಯ ಒಂದು ಸಕ್ಕರೆ ಕಾರ್ಖಾನೆಯ ಕಾಟಾದ ಮೇಲೆ ಗುಮಾಸ್ತನಾಗಿ ಸೇರಿದೆ. ಅರ್ಜಿಯಲ್ಲಿ 'ಕಣ್ಣು, ಕಿವಿಯ ದೋಷವಿದೆಯೇ?' ಎಂದಿತ್ತು. ಇಲ್ಲ ಎಂದು ಬರೆದೆ. ರಾತ್ರಿ ಪಾಳಿ, ಸಾಲುಗಟ್ಟಿದ ಟ್ರ್ಯಾಕ್ಟರುಗಳ ಸದ್ದು, ಒಳಗಿನಿಂದ ಕೂಗಿ ಹೇಳಿದ ತೂಕ ಹದಿನೇಳು ಟನ್. ನಾನು ಹದಿನಾರು ಬರೆದೆ. ರೈತ ಮರುದಿನ ಚೀಟಿ ಹಿಡಿದು ಜಗಳಕ್ಕೆ ಬಂದ. ವಿಚಾರಣೆಯಲ್ಲಿ ನನ್ನ ಕಿವಿಯನ್ನು ಯಾರೂ ದೂರಲಿಲ್ಲ. 'ಅರ್ಜಿಯಲ್ಲಿ ಸುಳ್ಳು ಮಾಹಿತಿ ಕೊಟ್ಟಿದ್ದೀರಿ' ಎಂದು ಮನೆಗೆ ಕಳಿಸಿದರು. ಮೊದಲೇ ಹೇಳಿದ್ದರೆ ತೂಕವನ್ನು ಚೀಟಿಯಲ್ಲಿ ಬರೆದು ಕೊಡಿ ಎಂದು ಕೇಳಬಹುದಿತ್ತು, ಅಷ್ಟೇ ಸಾಕಿತ್ತು.

ಆಗ ನಮಗೆ ಅಂಗವಿಕಲರ ಹಕ್ಕುಗಳ ಕಾಯ್ದೆಯೂ ಇರಲಿಲ್ಲ. ಈಗ ಇದೆ, ಆದರೆ ಅದು ಕಾಯುವುದು ಕಿವಿಯ ದೋಷವನ್ನು, ಸುಳ್ಳು ಸಹಿಯನ್ನಲ್ಲ. ಮತ್ತೆ ಹೇಳುತ್ತೇನೆ, 'ಇಲ್ಲ' ಎಂದು ಸಹಿ ಹಾಕಬೇಡ.

ಆಗ ನನಗೆ ಅರ್ಜಿಯಲ್ಲಿ ಹಾಗೆ ಬರೆ ಎಂದು ಹೇಳಿಕೊಟ್ಟವರು ಯಾರು? ನಿಮ್ಮ ದೊಡ್ಡ ಮಾಮಾ. ನೌಕರಿ ಹೋದ ಮೇಲೆ ಒಂದು ದಿನವೂ ಬಾಯಿ ಬಿಡಲಿಲ್ಲ. ಈಗ ಪ್ರತಿ ಮದುವೆಯಲ್ಲಿ ಹದಿನಾರು-ಹದಿನೇಳರ ಕಥೆ ಹೇಳಿ ಪಂಕ್ತಿಯನ್ನೆಲ್ಲ ನಗಿಸುತ್ತಾರೆ. ಈ ಗುಂಪಿನಲ್ಲಿಯೇ ಇದ್ದಾರೆ, ಕೇಳಿಸಿಕೊಳ್ಳಲಿ.

ಅಯ್ಯೋ, ನೀನು ಕೇಳಿದ್ದೇ ಉಳಿಯಿತು. ಫೋನ್ ಸಂದರ್ಶನವೆಂದರೆ ಹೇಳುವ ಸಮಯ ಈಗಲೇ. ಎರಡೇ ಸಾಲು ಮೇಲ್ ಮಾಡಲಿ: 'ನನಗೆ ಶ್ರವಣ ದೋಷವಿದೆ, ಯಂತ್ರ ಬಳಸುತ್ತೇನೆ. ಫೋನಿಗಿಂತ ಎದುರಿಗೆ ಅಥವಾ ವಿಡಿಯೊದಲ್ಲಿ ಮಾತನಾಡಿದರೆ ಅನುಕೂಲ.' ರೋಗದ ಪುರಾಣ ಬೇಡ, ಬೇಕಾದ ಅನುಕೂಲವಷ್ಟೇ ಸಾಕು. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯ ಪ್ರಕಾರ ಖಾಸಗಿ ಕಂಪನಿಯೂ ಸಮಾನ ಅವಕಾಶ ನೀತಿಯನ್ನು ಪ್ರಕಟಿಸಬೇಕು. 20 ಜನಕ್ಕಿಂತ ಕಡಿಮೆ ಇಲ್ಲದ ಕಡೆ ಆ ನೀತಿಯಲ್ಲಿ ಅಂಗವಿಕಲರ ಸೌಲಭ್ಯಗಳೂ ಅದನ್ನು ನೋಡಿಕೊಳ್ಳುವ ಸಂಪರ್ಕಾಧಿಕಾರಿಯ ನೇಮಕವೂ ಇರಬೇಕು. ಅದನ್ನು ಕೇಳಿ ನೋಡಲಿ, ಉತ್ತರದಲ್ಲೇ ಕಂಪನಿಯ ಗುಣ ತಿಳಿಯುತ್ತದೆ. ಆದರೆ ನೌಕರಿಯಲ್ಲಿ ತಾರತಮ್ಯ ಕೂಡದೆಂಬ ನೇರ ಕಲಂ ಸರ್ಕಾರಿ ಸಂಸ್ಥೆಗಳಿಗೆ. ಖಾಸಗಿಯವರು ಕಾರಣವನ್ನೇ ಹೇಳದೆ ಬಿಟ್ಟರೆ ಸಾಬೀತು ಮಾಡುವುದು ಕಷ್ಟ. ಅದಕ್ಕೇ ಎಲ್ಲ ಮಾತೂ ಮೇಲ್‌ನಲ್ಲಿರಲಿ.

ಸರ್ಕಾರಿ ನೌಕರಿಗೆ ಲೆಕ್ಕ ಉಲ್ಟಾ. ಅಲ್ಲಿ ಅರ್ಜಿ ಹಾಕುವಾಗಲೇ ಅಂಗವಿಕಲರ ಕಾಲಂ ತುಂಬಬೇಕು, ಆಮೇಲೆ ನೆನಪಾದರೆ ಮೀಸಲಾತಿ ಸಿಗದು. ಅಂಗವಿಕಲರ ಗುರುತಿನ ಯುಡಿಐಡಿ ಕಾರ್ಡಿನಲ್ಲಿ ಅವಳ ದೋಷದ ಪ್ರಮಾಣ ಮೀಸಲಾತಿಗೆ ಬೇಕಾದ ಶೇಕಡಾ 40ಕ್ಕೆ ಕಡಿಮೆ ಇಲ್ಲವಷ್ಟೇ? ಇಂದು ಸಂಜೆ ನೋಡಿ ತಿಳಿಸು.