ಗ್ರೈಂಡರ್ ಪ್ರಮೋಷನ್ ವಿಡಿಯೊ: ಬಾಯಲ್ಲಿ ಏನು ಹೇಳೋದು, ಕೆಳಗೆ ಏನು ಬರೆಯೋದು?

ಕೇಳಿದವರು, ಹಾಸನದ ಅಡುಗೆ ಚಾನೆಲ್: ಒಂದು ವೆಟ್ ಗ್ರೈಂಡರ್ ಬಗ್ಗೆ ವಿಡಿಯೊ ಮಾಡ್ತಿದ್ದೇನೆ. ಕಂಪನಿಯವರು ದುಡ್ಡು ಕೊಡ್ತಾರೆ, ಗ್ರೈಂಡರ್ ಕೂಡ ನೀವೇ ಇಟ್ಕೊಳ್ಳಿ ಅಂದಿದ್ದಾರೆ. ಕೆಳಗೆ ನನ್ನ ಅಫಿಲಿಯೇಟ್ ಲಿಂಕ್ ಇರುತ್ತೆ. ಏಜೆನ್ಸಿಯವರು "ಡಿಸ್ಕ್ರಿಪ್ಷನ್‌ನಲ್ಲಿ ಹಾಕಿ, ಕೊನೆಗೆ ಒಂದು ಥ್ಯಾಂಕ್ಸ್ ಹೇಳಿ, ಸಾಕು" ಅಂತಾರೆ. ಅಷ್ಟು ಸಾಕಾ? ಮಾತಲ್ಲೂ ಹೇಳೋದಾದ್ರೆ ಹೇಗೆ ಹೇಳ್ತೀರಿ? ಮಾಡಿದವರು ದಯವಿಟ್ಟು ತಿಳಿಸಿ.

ವಿಡಿಯೊ ಎಡಿಟರ್, ಬೆಂಗಳೂರು: ಸಾಲದು ಅಕ್ಕ. ಕೇಂದ್ರ ಗ್ರಾಹಕ ವ್ಯವಹಾರಗಳ ಇಲಾಖೆ 2023ರ ಜನವರಿಯಲ್ಲಿ ಇನ್‌ಫ್ಲುಯೆನ್ಸರ್‌ಗಳಿಗಾಗಿ ಒಂದು ಕೈಪಿಡಿ ಹೊರಡಿಸಿತು. ವಿಡಿಯೊ ಆದರೆ ಮಾತಿನಲ್ಲೂ ಹೇಳಬೇಕು, ಪರದೆಯ ಮೇಲೂ ತೋರಿಸಬೇಕು ಅಂತ ಅದರಲ್ಲಿದೆ. ಕೊನೆಯ ಥ್ಯಾಂಕ್ಸ್ ಅಂತೂ ಲೆಕ್ಕಕ್ಕೇ ಇಲ್ಲ. ಥ್ಯಾಂಕ್ಸ್ ಯಾರಿಗೆ ಬೇಕಾದರೂ ಹೇಳಬಹುದು. ದುಡ್ಡು ತಗೊಂಡಿದ್ದೀರಿ ಅಂತ ಅದರಿಂದ ಗೊತ್ತಾಗೋದಿಲ್ಲ.

ಗ್ರೈಂಡರನ್ನು ಮೊದಲ ಸಲ ಹೊಗಳುವ ಮುಂಚೆ ಈ ಮಾತು ಬರಬೇಕು. ನಿಮ್ಮ ವಿಡಿಯೊ 9 ನಿಮಿಷ, ಅದರಲ್ಲಿ ಗ್ರೈಂಡರ್ ಭಾಗ 3 ನಿಮಿಷ ಅಂದುಕೊಳ್ಳಿ. ನಾನಾದರೆ ಬೇಳೆ ನೆನೆಹಾಕಿದ ಶಾಟ್ ಮುಗಿದು ಗ್ರೈಂಡರ್ ಕಾಣಿಸಿದ ತಕ್ಷಣ ಇದನ್ನು ಇಡುತ್ತೇನೆ:

"ಈ ಗ್ರೈಂಡರ್ ಬಗ್ಗೆ ಮಾತಾಡೋಕೆ ಕಂಪನಿಯವರು ನನಗೆ ದುಡ್ಡು ಕೊಟ್ಟಿದ್ದಾರೆ. ಗ್ರೈಂಡರ್ ಕೂಡ ಅವರೇ ಕೊಟ್ಟಿದ್ದು. ಹಾಗಾಗಿ ಇದು ಜಾಹೀರಾತು."

ಅಷ್ಟೇ. ಹೇಳಲು ಹತ್ತು ಸೆಕೆಂಡ್ ಸಾಕು. ಆ ಮೂರೂ ನಿಮಿಷ ಪರದೆಯ ಮೂಲೆಯಲ್ಲಿ "ಜಾಹೀರಾತು" ಅಂತ ಇರಲಿ. ಎಷ್ಟು ಹೊತ್ತು ಇರಬೇಕು ಅಂತ ಜಾಹೀರಾತುಗಳಿಗೆ ನಿಯಮ ಮಾಡುವ ASCI ಅನ್ನೋ ಸಂಸ್ಥೆ 2021ರಲ್ಲೇ ಲೆಕ್ಕ ಕೊಟ್ಟಿದೆ. ವಿಡಿಯೊ ಎರಡು ನಿಮಿಷ ಅಥವಾ ಅದಕ್ಕಿಂತ ಜಾಸ್ತಿ ಇದ್ದರೆ, ಆ ವಸ್ತುವಿನ ಬಗ್ಗೆ ಮಾತಾಡುವ ಭಾಗದ ಉದ್ದಕ್ಕೂ ಇರಬೇಕು. ಲೇಬಲ್ ಇಂಗ್ಲಿಷ್‌ನಲ್ಲೇ ಇರಬೇಕು ಅಂತಿಲ್ಲ, ಕನ್ನಡ ವಿಡಿಯೊಗೆ ಕನ್ನಡದಲ್ಲೇ ಹಾಕಬಹುದು.

ಲಿಂಕ್ ವಿಷಯ ಬೇರೆ. ಅದನ್ನು ಲಿಂಕ್ ಬಗ್ಗೆ ಹೇಳುವಾಗಲೇ ಹೇಳಿ: "ಕೆಳಗಿನ ಲಿಂಕ್‌ನಿಂದ ತಗೊಂಡ್ರೆ ನನಗೆ ಕಮಿಷನ್ ಬರುತ್ತೆ." ದುಡ್ಡು ತಗೊಂಡಿದ್ದು ಹೇಳಿ ಆಯ್ತಲ್ಲ ಅಂತ ಇದನ್ನು ಬಿಡುವವರು ಬಹಳ ಜನ. ವಿಡಿಯೊಗೆ ಬಂದ ದುಡ್ಡು ಒಂದು ಸಲ ಮುಗೀತು. ನೋಡುವವರು ಕೊಂಡಷ್ಟೂ ನಿಮಗೆ ಬರುತ್ತಲೇ ಇರುತ್ತದೆ ಅನ್ನೋದು ಅವರಿಗೆ ಗೊತ್ತಿರಬೇಕು, ಅಲ್ವಾ?

ಟೆಕ್ ಚಾನೆಲ್, ಹುಬ್ಬಳ್ಳಿ: ಇಷ್ಟೆಲ್ಲ ಯಾಕೆ ಸರ್? ಅಪ್‌ಲೋಡ್ ಮಾಡುವಾಗ ಯೂಟ್ಯೂಬ್ ಸ್ಟುಡಿಯೊದಲ್ಲಿ Paid promotion ಟಿಕ್ ಹಾಕಿದರೆ ಅದೇ ತೋರಿಸುತ್ತದೆ. ನಾನು ಮಾಡೋದು ಅಷ್ಟೇ, ಇಲ್ಲಿವರೆಗೆ ಯಾರೂ ಕೇಳಿಲ್ಲ.

ವಿಡಿಯೊ ಎಡಿಟರ್, ಬೆಂಗಳೂರು: ಟಿಕ್ ಹಾಕಲೇಬೇಕು, ಅದು ಯೂಟ್ಯೂಬ್ ನಿಯಮ. ಆದರೆ ಆ ಬರಹ ಶುರುವಿನಲ್ಲಿ 10 ಸೆಕೆಂಡ್ ಕಾಣಿಸಿ ಹೋಗುತ್ತದೆ. ಅಕ್ಕನ ಗ್ರೈಂಡರ್ ಬರೋದು ನಾಲ್ಕನೇ ನಿಮಿಷಕ್ಕೆ. ಇನ್ನು ಅದೇ ಭಾಗವನ್ನು ಕತ್ತರಿಸಿ ರೀಲ್ ಮಾಡಿದರೆ, ಯಾರಾದರೂ ವಾಟ್ಸಾಪ್‌ನಲ್ಲಿ ಕಳಿಸಿದರೆ, ಟಿಕ್ ಜೊತೆಗೆ ಹೋಗೋದಿಲ್ಲ. ಪ್ಲಾಟ್‌ಫಾರ್ಮ್‌ನ ಸೌಲಭ್ಯ ಬಳಸಿದರೂ ನೀವೂ ಬೇರೆಯಾಗಿ ಹೇಳಬೇಕು ಅಂತಲೇ ASCI ಹೇಳೋದು.

ಅಡುಗೆ ಚಾನೆಲ್, ಉಡುಪಿ: ನನ್ನ ಅನುಭವ ಸ್ಕ್ರಿಪ್ಟ್ ಕಳಿಸುವ ಹಂತದ್ದು. ಒಂದು ಏಜೆನ್ಸಿ ನನ್ನ ಸ್ಕ್ರಿಪ್ಟ್ ಒಪ್ಪಿಕೊಂಡಿತ್ತು. ಆಮೇಲೆ ವಿಡಿಯೊ ನೋಡಿ "ಫ್ಲೋ ಕಟ್ ಆಗುತ್ತೆ" ಅಂತ ಆ ಸಾಲನ್ನು ಮಾತ್ರ ತೆಗೆಯಲು ಹೇಳಿದರು. ಅದು ಬೇರೆ ಶಾಟ್‌ನಲ್ಲಿತ್ತು, ಹಾಗಾಗಿ ತೆಗೆಯೋದು ಸುಲಭ. ಈಗ ನಾನು ಕಲ್ಲು ಕೂರಿಸಿ ಸ್ವಿಚ್ ಹಾಕುವ ಶಾಟ್‌ನಲ್ಲೇ ಅದನ್ನು ಹೇಳುತ್ತೇನೆ. ಅದನ್ನು ತೆಗೆಯಬೇಕು ಅಂದರೆ ಗ್ರೈಂಡರ್ ಶುರುವಾಗೋದನ್ನೇ ತೆಗೆಯಬೇಕು. ಈ ಸಾಲು ಉಳಿಯುತ್ತದೆ ಅಂತ ಒಪ್ಪಂದದ ಮೇಲ್‌ನಲ್ಲೂ ಮೊದಲೇ ಬರೆದುಬಿಡುತ್ತೇನೆ.

ಇನ್ನೊಂದು. ಕಂಪನಿ ಸ್ಕ್ರಿಪ್ಟ್ ನೋಡಿ ತಿದ್ದಿದ್ದರೆ "ಇದು ಪೂರ್ತಿ ನನ್ನದೇ ಅಭಿಪ್ರಾಯ" ಅಂತ ಹೇಳಬೇಡಿ. "ನಿಮಗೆ ಬೆಲೆ ಏನೂ ಜಾಸ್ತಿ ಆಗಲ್ಲ" ಅನ್ನೋದನ್ನೂ ಸುಮ್ನೆ ಅಭ್ಯಾಸಕ್ಕೆ ಹೇಳಬೇಡಿ. ಅದೇ ಗ್ರೈಂಡರ್ ನಿಮ್ಮೂರ ಅಂಗಡಿಯಲ್ಲಿ ಕಡಿಮೆಗೆ ಸಿಗುತ್ತಿರಬಹುದು.

ಸೀರೆ ರೀಲ್ಸ್ ಮಾಡುವವರು, ದಾವಣಗೆರೆ: ನನಗೆ ಯಾರೂ ದುಡ್ಡು ಕೊಡಲ್ಲ, ಸೀರೆ ನಾನೇ ಕೊಂಡುಕೊಳ್ಳೋದು. ಲಿಂಕ್ ಮಾತ್ರ ಹಾಕ್ತೀನಿ. 30 ಸೆಕೆಂಡಿನ ರೀಲ್‌ನಲ್ಲಿ ಇದನ್ನೆಲ್ಲ ಹೇಳುತ್ತಾ ಕೂತರೆ ಸೀರೆ ತೋರಿಸೋದು ಯಾವಾಗ? ಬಯೋದಲ್ಲಿ "ಲಿಂಕ್‌ಗಳಿಂದ ಕಮಿಷನ್ ಬರುತ್ತದೆ" ಅಂತ ಹಾಕಿದ್ದೀನಲ್ಲ.

ವಿಡಿಯೊ ಎಡಿಟರ್, ಬೆಂಗಳೂರು: ಬಯೋ ನೋಡಿ ಯಾರು ರೀಲ್ ನೋಡ್ತಾರೆ ಹೇಳಿ? ಅದನ್ನು ASCI ಒಪ್ಪೋದಿಲ್ಲ, ಪ್ರತಿ ಪೋಸ್ಟ್‌ನಲ್ಲೂ ಇರಬೇಕು. ಸೀರೆ ನೀವೇ ಕೊಂಡಿದ್ದು ಒಳ್ಳೆಯದೇ, ಅದನ್ನೂ ಹೇಳಿ. "ಸೀರೆ ನನ್ನ ದುಡ್ಡಿಂದು, ಲಿಂಕ್‌ನಲ್ಲಿ ನನಗೆ ಕಮಿಷನ್ ಇದೆ." ಮೂರು ಸೆಕೆಂಡ್ ಆಯ್ತು. 15 ಸೆಕೆಂಡ್‌ಗಿಂತ ಉದ್ದ, ಎರಡು ನಿಮಿಷಕ್ಕಿಂತ ಚಿಕ್ಕ ವಿಡಿಯೊ ಆದರೆ ಲೇಬಲ್ ಮೂರನೇ ಒಂದು ಭಾಗ ಇರಬೇಕು. ನಿಮ್ಮ 30 ಸೆಕೆಂಡಿಗೆ 10 ಸೆಕೆಂಡ್. ಸೀರೆ ಮುಚ್ಚಿಹೋಗದ ಹಾಗೆ ಮೇಲ್ಗಡೆ ಹಾಕಿ. ಆದರೆ ತಿಳಿ ಬಣ್ಣದ ಸೀರೆಯ ಮೇಲೆ ಬಿಳಿ ಅಕ್ಷರ ಬೇಡ.

ನ್ಯೂಜೆರ್ಸಿಯಿಂದ ಒಬ್ಬರು: ಇಲ್ಲಿ ಅಮೆರಿಕದಲ್ಲಿ ಗ್ರಾಹಕರ ಹಿತ ಕಾಯುವ ಸರ್ಕಾರಿ ಸಂಸ್ಥೆ FTC ಕೂಡ ಇದನ್ನೇ ಹೇಳುತ್ತದೆ. ಮಾತಲ್ಲೂ ದೃಶ್ಯದಲ್ಲೂ ಹೊಗಳಿದರೆ, ಎರಡರಲ್ಲೂ ತಿಳಿಸಿ ಅಂತ. ಕ್ಯಾಪ್ಷನ್ ಬಗ್ಗೆ ಒಂದು ಮಾತು. ಅಮೆಜಾನ್ ಲಿಂಕ್ ಆದರೆ ಅವರದ್ದೇ ಒಂದು ಸಾಲು ಹಾಕಬೇಕು: As an Amazon Associate I earn from qualifying purchases. ಇದನ್ನು ಹಾಕಿ ಕೈತೊಳೆದುಕೊಳ್ಳುವವರು ತುಂಬಾ ಜನ. ಹಾಸನದಲ್ಲಿ ನಮ್ಮಮ್ಮ ವಿಡಿಯೊ ನೋಡುವಾಗ ಅದನ್ನು ಓದೋದಿಲ್ಲ. ಮೊದಲು ಕನ್ನಡದಲ್ಲಿ ಬರೆದು ಅದರ ಕೆಳಗೆ ಇದನ್ನಿಡಿ.

ಅಡುಗೆ ಚಾನೆಲ್, ಉಡುಪಿ: ಹೌದು. ನನ್ನ ಡಿಸ್ಕ್ರಿಪ್ಷನ್ ಈಗ ಹೀಗೆ ಶುರುವಾಗುತ್ತದೆ:

"ಜಾಹೀರಾತು. ಈ ವಿಡಿಯೊಗೆ ಕಂಪನಿ ಹಣ ಮತ್ತು ಗ್ರೈಂಡರ್ ಕೊಟ್ಟಿದೆ.
ಗ್ರೈಂಡರ್ ಲಿಂಕ್ (ಕೊಂಡರೆ ನನಗೆ ಕಮಿಷನ್):"

ರೆಸಿಪಿ ಆಮೇಲೆ. "ಇನ್ನಷ್ಟು" ಒತ್ತದೆ ಕಾಣುವ ಮೊದಲ ಎರಡು ಸಾಲಿನಲ್ಲೇ ಇದು ಬರಬೇಕು. ಮೊದಲು ನಾನು ಹದಿನೈದಿಪ್ಪತ್ತು ಹ್ಯಾಶ್‌ಟ್ಯಾಗ್ ನಡುವೆ #ad ತುರುಕುತ್ತಿದ್ದವರ ಹಾಗೇ ಮಾಡೋಣ ಅಂದುಕೊಂಡಿದ್ದೆ. ಹಾಗೆ ಹೂತಿಡೋದಕ್ಕೂ ಅವಕಾಶ ಇಲ್ಲ.

ವಿಡಿಯೊ ಎಡಿಟರ್, ಬೆಂಗಳೂರು: ಅಪ್‌ಲೋಡ್‌ಗೆ ಮುಂಚೆ ಎರಡು ಸಲ ಫೋನ್‌ನಲ್ಲೇ ಹಾಕಿ ನೋಡಿ ಅಕ್ಕ. ಒಂದು ಸಲ ಸೌಂಡ್ ಆಫ್ ಮಾಡಿ, ಇನ್ನೊಂದು ಸಲ ಫೋನ್ ಮಗುಚಿಟ್ಟು ಬರೀ ಕೇಳಿ. ಎರಡರಲ್ಲೂ ದುಡ್ಡಿನ ವಿಷಯ ಗೊತ್ತಾಗಬೇಕು. ಎರಡನೇ ಸಲ ಸಿಕ್ಕಿಬೀಳೋದೇ ಜಾಸ್ತಿ. ಆ ಸಾಲು ಬರುವಾಗಲೇ ಮ್ಯೂಸಿಕ್ ಏರಿರುತ್ತದೆ, ಇಲ್ಲವಾದರೆ ಗ್ರೈಂಡರ್ ಸದ್ದು ನುಂಗಿರುತ್ತದೆ. ಉಡುಪಿಯವರ ಉಪಾಯ ಒಳ್ಳೆಯದೇ, ಆದರೆ ಮಾತು ಮುಗಿದ ಮೇಲೆ ಸ್ವಿಚ್ ಹಾಕಿ.

ಟೆಕ್ ಚಾನೆಲ್, ಹುಬ್ಬಳ್ಳಿ: ಆಯ್ತು, ಮಾತಲ್ಲೂ ಹೇಳೋಣ. ಹೇಳದಿದ್ದರೆ ನಿಜವಾಗಿ ದಂಡ ಬೀಳುತ್ತಾ? ASCI ಸರ್ಕಾರದ್ದಲ್ಲವಲ್ಲ.

ವಿಡಿಯೊ ಎಡಿಟರ್, ಬೆಂಗಳೂರು: ASCI ಜಾಹೀರಾತು ಉದ್ಯಮದವರೇ ಮಾಡಿಕೊಂಡ ಸಂಸ್ಥೆ, ಅದು ನಿಜ. ಆದರೆ 2019ರ ಗ್ರಾಹಕ ಸಂರಕ್ಷಣಾ ಕಾಯ್ದೆ ಸರ್ಕಾರದ್ದು. ದಾರಿತಪ್ಪಿಸುವ ಜಾಹೀರಾತಿಗೆ ಮೊದಲ ಸಲ 10 ಲಕ್ಷದವರೆಗೆ ದಂಡ ಹಾಕಬಹುದು. ಪ್ರಚಾರ ಮಾಡಿದವರಿಗೂ ಅದು ಅನ್ವಯಿಸುತ್ತದೆ.

ಕೇಳಿದವರು, ಹಾಸನದ ಅಡುಗೆ ಚಾನೆಲ್: ಎಲ್ಲರಿಗೂ ಧನ್ಯವಾದ. ಆ ಸಾಲುಗಳನ್ನು ಸ್ಕ್ರಿಪ್ಟ್‌ಗೆ ಹಾಕಿ ಏಜೆನ್ಸಿಗೆ ಕಳಿಸಿದ್ದೇನೆ. ಇನ್ನೊಂದು ಸಂಶಯ. ಮುಂದಿನ ತಿಂಗಳು ಇಡ್ಲಿ ವಿಡಿಯೊದಲ್ಲಿ ಇದೇ ಗ್ರೈಂಡರ್ ಕಾಣುತ್ತೆ. ಅದಕ್ಕೆ ದುಡ್ಡು ಬಂದಿಲ್ಲ, ಹೆಸರೂ ಹೇಳಲ್ಲ. ಆಗಲೂ ಹೇಳಬೇಕಾ?

ಅಡುಗೆ ಚಾನೆಲ್, ಉಡುಪಿ: ಸುಮ್ನೆ ಹಿಂದೆ ಕಂಡರೆ ನಾನು ಹೇಳೋದಿಲ್ಲ. ಕಾಮೆಂಟ್‌ನಲ್ಲಿ ಯಾವ ಗ್ರೈಂಡರ್ ಅಂತ ಕೇಳಿದರೆ, ಹೆಸರಿನ ಜೊತೆ "ಕಂಪನಿ ಕೊಟ್ಟಿದ್ದು" ಅಂತಲೂ ಬರೆಯುತ್ತೇನೆ.

ವಿಡಿಯೊ ಎಡಿಟರ್, ಬೆಂಗಳೂರು: ನನಗೆ ಅದು ಒಪ್ಪಿಗೆ ಇಲ್ಲ. ಬಿಟ್ಟಿ ಬಂದ ವಸ್ತು, ಬ್ರ್ಯಾಂಡ್ ಹೆಸರು ಓದಲು ಬರುವ ಹಾಗೆ ಕ್ಯಾಮೆರಾ ಕಡೆ ತಿರುಗಿದೆ ಅಂದರೆ ಪರದೆ ಮೇಲೆ ಒಂದು ಸಾಲು ಹಾಕಬೇಕು. ಇಲ್ಲವಾದರೆ ಹೆಸರು ಆ ಕಡೆ ತಿರುಗಿಸಿಡಿ.

ಅಡುಗೆ ಚಾನೆಲ್, ಉಡುಪಿ: ನನ್ನದರಲ್ಲಿ ಹೆಸರು ನಾಲ್ಕೂ ಕಡೆ ಇದೆ ಮಾರಾಯ್ರೆ!