ಅಪ್‌ಡೇಟ್: ಕ್ಯೂಆರ್‌ಗೆ ಶಿಫ್ಟ್ ಹಾಕಿದೆ

ಮ್ಯಾಟ್ರಿಕ್ಸ್‌ನ ಐಗನ್ ಮೌಲ್ಯ ಹುಡುಕುವ ಕ್ಯೂಆರ್ ವಿಧಾನದ ಬಗ್ಗೆ ನನ್ನ ಪ್ರಶ್ನೆ: "ಕ್ಯೂಆರ್ ಎಷ್ಟು ಸುತ್ತು ಓಡಿಸಿದ್ರೂ ಕರ್ಣದ ಪಕ್ಕದ ಸಂಖ್ಯೆ ಸೊನ್ನೆಯಾಗ್ತಿಲ್ಲ. ಶಿಫ್ಟ್ ಹಾಕಿದ್ರೆ ಯಾಕೆ ಬೇಗ ಆಗುತ್ತೆ?"

ಹಾಸನದಲ್ಲಿ ರಾತ್ರಿಯೆಲ್ಲ ಮಳೆ, ಕರೆಂಟಿಲ್ಲ. ಪೇಪರ್ ಮೇಲೇ ಬಿಡಿಸಿದೆ. ಮ್ಯಾಟ್ರಿಕ್ಸ್ `[[9.9, 0.3], [0.3, 9.1]]`, ಐಗನ್ ಮೌಲ್ಯಗಳು 10, 9. ಶಿಫ್ಟ್ ಇಲ್ಲದೆ ಪಕ್ಕದ ಸಂಖ್ಯೆ ಸುತ್ತಿಗೆ ಹೆಚ್ಚುಕಮ್ಮಿ 9/10ರಷ್ಟೇ ಉಳೀತಾ ಆಮೆಯಂತೆ ಇಳಿಯುತ್ತೆ. ಶಿಫ್ಟ್ ಅಂದ್ರೆ ಕರ್ಣದಿಂದ ಒಂದು ಸಂಖ್ಯೆ `mu` ಕಳೆದು, ಸುತ್ತು ಓಡಿಸಿ, ಮತ್ತೆ ಕೂಡಿಸೋದು. ಕೆಳಮೂಲೆಯ 9.1 ಕಳೆದ್ರೆ ಐಗನ್ ಮೌಲ್ಯಗಳು 0.9, -0.1, ಅನುಪಾತ 1/9ಕ್ಕೆ ಬಿತ್ತು!

```
Q, R = qr(A - mu*I)
A = R @ Q + mu*I
```

ಒಂದೇ ಸುತ್ತಿಗೆ 0.3 ಹೋಗಿ 0.037, ಮೂಲೆ 9.0014. ಹೊಸ ಮೂಲೆಯೇ ಮುಂದಿನ ಶಿಫ್ಟ್ ಆದ್ದರಿಂದ ಅನುಪಾತ ಇನ್ನೂ ಕುಸಿದು, ಎರಡನೇ ಸುತ್ತಿಗೆ 0.00005. ಶಿಫ್ಟ್ ಇಲ್ಲದೆ ಇದಕ್ಕೆ 80ಕ್ಕೂ ಹೆಚ್ಚು ಸುತ್ತು ಬೇಕು.

ಮೊದಲು `+ mu*I` ಮರೆತಿದ್ದೆ. ಕರ್ಣದ ಮೊತ್ತ 19 ಬರದೇ ಇದ್ದಾಗ ಸಿಕ್ಕಿಬಿದ್ದೆ. ಆದ್ರೆ `[[0, 1], [1, 0]]`ಗೆ ಮೂಲೆಯ ಶಿಫ್ಟ್ ಸೊನ್ನೆ, ಅಲ್ಲೇ ಸಿಕ್ಕಿಕೊಳ್ಳುತ್ತೆ. ಅಲ್ಲಿ ಕೆಳಮೂಲೆಯ 2×2 ಭಾಗದ ಐಗನ್ ಮೌಲ್ಯಗಳಲ್ಲಿ ಮೂಲೆಯ ಸಂಖ್ಯೆಗೆ ಹತ್ತಿರದ್ದನ್ನು ಕಳೆಯುವ ವಿಲ್ಕಿನ್‌ಸನ್ ಶಿಫ್ಟ್ ಬಳಸಿದೆ.