ದ್ವೇಷ ಇತ್ತು ಎಂದರೆ ಸಾಕೆ? – ಓದುಗರ ಸ್ಪಂದನ

ಕಳೆದ ಸಲ ತುಮಕೂರು ಜಿಲ್ಲೆಯ ರೈತರೊಬ್ಬರು ಹೆಸರು ಹಾಕಬೇಡಿ ಎಂದು ಕೇಳಿಕೊಂಡು ತಮ್ಮ ಸಮಸ್ಯೆ ಬರೆದಿದ್ದರು. ಪಕ್ಕದ ಜಮೀನಿನವರು ಇವರ ಹೊಲದ ಮಧ್ಯೆ ಟ್ರ್ಯಾಕ್ಟರ್ ಓಡಿಸಲು ದಾರಿ ಕೇಳಿದ್ದರು. ಇವರು ಒಪ್ಪಲಿಲ್ಲ, ಕೋರ್ಟಿನಿಂದ ತಡೆಯಾಜ್ಞೆ ತಂದರು. ವಾರ ಕಳೆಯುವುದರೊಳಗೆ ಆ ನೆರೆಯವರು, ‘ನನ್ನ ಪಂಪ್‌ಸೆಟ್ ಮೋಟರ್ ಬಿಚ್ಚಿ ಹೊತ್ತೊಯ್ದದ್ದನ್ನು ಕಣ್ಣಾರೆ ಕಂಡೆ’ ಎಂದು ಇವರ ಮೇಲೆ ಪೊಲೀಸರಿಗೆ ದೂರು ಕೊಟ್ಟರು. ದಸ್ತಗಿರಿ, ನಾಲ್ಕು ದಿನ ಜೈಲು, ಮೂರು ವರ್ಷ ಕೋರ್ಟಿಗೆ ಅಲೆದಾಟ. ಕೊನೆಗೆ, ಮೋಟರ್ ಆ ದಿನ ಪಟ್ಟಣದ ರಿವೈಂಡಿಂಗ್ ಅಂಗಡಿಯಲ್ಲಿತ್ತು ಎಂಬುದಕ್ಕೆ ರಸೀದಿ ಸಿಕ್ಕಿ ಖುಲಾಸೆಯಾಯಿತು. ‘ತೀರ್ಪು ಬಂದು ಏಳು ತಿಂಗಳಾಗಿದೆ. ದ್ವೇಷದಿಂದ ಮಾಡಿದ್ದೆಂದು ಊರಿಗೇ ಗೊತ್ತು. ನಷ್ಟ ಪರಿಹಾರದ ದಾವೆ ಹಾಕಿದರೆ ಅದನ್ನು ಹೇಗೆ ರುಜುವಾತು ಮಾಡಲಿ?’ ಎಂಬುದು ಅವರ ಪ್ರಶ್ನೆ. ಬಂದ ಪತ್ರಗಳಲ್ಲಿ ಕೆಲವು ಇಲ್ಲಿವೆ.

ಸಿವಿಲ್ ವಕೀಲರು, ಹಾಸನ

ನಿಮ್ಮ ಪತ್ರದ ತುಂಬ ದ್ವೇಷದ ಮಾತೇ ಇದೆ. ದ್ವೇಷ ಇದ್ದಿರಬಹುದು, ಆದರೆ ಕೋರ್ಟು ಮೊದಲು ಕೇಳುವುದು ಅದನ್ನಲ್ಲ. ಸುಳ್ಳು ಕೇಸು ನಡೆಸಿದರೆಂದು ಪರಿಹಾರ ಕೇಳುವವರು ತೋರಿಸಬೇಕಾದ್ದು ಇಷ್ಟು: ಕೇಸು ನಡೆಸಿದ್ದು ಪ್ರತಿವಾದಿಯೇ, ಅದು ನಿಮ್ಮ ಪರವಾಗಿ ಮುಗಿಯಿತು, ಆ ಕೇಸಿಗೆ ಸಕಾರಣ ಇರಲಿಲ್ಲ, ಅದರ ಹಿಂದೆ ದುರುದ್ದೇಶ ಇತ್ತು, ಅದರಿಂದ ನಿಮಗೆ ನಷ್ಟವಾಯಿತು. ಜನ ಎಡವುವುದು ಮೂರನೆಯದು ಮತ್ತು ನಾಲ್ಕನೆಯದು ಒಂದೇ ಎಂದುಕೊಂಡು. ಅವೆರಡೂ ಬೇರೆ ಬೇರೆ ಪ್ರಶ್ನೆಗಳು. ಎರಡನ್ನೂ ರುಜುವಾತು ಮಾಡುವ ಹೊಣೆ ವಾದಿಯದೇ.

ಮೂರನೆಯದು ಅವರ ನಂಬಿಕೆಗೆ ಸಂಬಂಧಿಸಿದ್ದು. ದೂರು ಕೊಟ್ಟ ಹೊತ್ತಿನಲ್ಲಿ ನೀವೇ ಕದ್ದಿರಿ ಎಂದು ಅವರು ನಿಜವಾಗಿ ನಂಬಿದ್ದರೇ? ಅವರಿಗೆ ತಿಳಿದಿದ್ದ ಸಂಗತಿ ಇಟ್ಟುಕೊಂಡು ಒಬ್ಬ ವಿವೇಕಿ ಹಾಗೆ ನಂಬಬಹುದಿತ್ತೇ? ನಾಲ್ಕನೆಯದು ಅವರ ಗುರಿಗೆ ಸಂಬಂಧಿಸಿದ್ದು. ಕಳ್ಳನಿಗೆ ಶಿಕ್ಷೆಯಾಗಲಿ ಎಂದು ದೂರು ಕೊಟ್ಟರೇ, ಅಥವಾ ಬೇರೇನನ್ನೋ ಸಾಧಿಸಲು ಪೊಲೀಸರನ್ನು ಬಳಸಿಕೊಂಡರೇ? ದುರುದ್ದೇಶ ಎಂದರೆ ಹಲ್ಲು ಕಡಿಯುವ ಹಗೆಯೇ ಆಗಬೇಕಿಲ್ಲ. ಸಿಟ್ಟಿಲ್ಲದೆ, ತಣ್ಣಗೆ ಕೂತು, ದಾರಿ ಗಿಟ್ಟಿಸಿಕೊಳ್ಳಲು ಕೇಸು ಹಾಕಿದ್ದರೂ ಅದು ದುರುದ್ದೇಶವೇ. ಸಿಟ್ಟು ನೆತ್ತಿಗೇರಿದ್ದರೂ, ಕಳವಾದದ್ದು ನಿಜವಾಗಿದ್ದು ಪ್ರಾಮಾಣಿಕವಾಗಿ ನಿಮ್ಮನ್ನೇ ಶಂಕಿಸಿದ್ದರೆ ದಾವೆ ಬೀಳುತ್ತದೆ.

ಇನ್ನೊಂದನ್ನು ಗಟ್ಟಿಯಾಗಿ ಹಿಡಿದುಕೊಳ್ಳಿ. ಆರೋಪ ಸುಳ್ಳೆಂದು ಅವರಿಗೇ ಗೊತ್ತಿತ್ತು ಎಂದು ತೋರಿಸಿದರೆ, ಅದರಿಂದ ದುರುದ್ದೇಶವನ್ನು ನ್ಯಾಯಾಧೀಶರು ಊಹಿಸಬಹುದು. ಇದನ್ನು ತಿರುಗಿಸಿ ಹೇಳಲು ಬರುವುದಿಲ್ಲ. ದ್ವೇಷ ಎಷ್ಟೇ ಇರಲಿ, ‘ಆದ್ದರಿಂದ ದೂರಿಗೆ ಕಾರಣವಿರಲಿಲ್ಲ’ ಎಂದು ಯಾವ ಕೋರ್ಟೂ ಒಪ್ಪುವುದಿಲ್ಲ. ಹಗೆಯವನ ಮನೆಗೂ ಕಳ್ಳ ನುಗ್ಗುತ್ತಾನಲ್ಲ!

ಹಾಗಾಗಿ ನಿಮ್ಮ ಕೈಯಲ್ಲಿರುವ ದೊಡ್ಡ ಅಸ್ತ್ರ ತಡೆಯಾಜ್ಞೆಯಲ್ಲ, ರಿವೈಂಡಿಂಗ್ ಅಂಗಡಿಯ ರಸೀದಿ. ಅದರ ಮೇಲೆ ಯಾರ ಸಹಿ ಇದೆ, ಯಾವ ತಾರೀಖು ಇದೆ ನೋಡಿ. ದೂರಿನಲ್ಲಿ ಹೇಳಿದ ದಿನಕ್ಕಿಂತ ಮೊದಲೇ ಅವರೇ ಮೋಟರ್ ಬಿಟ್ಟುಬಂದು ಸಹಿ ಹಾಕಿದ್ದರೆ, ಮೋಟರ್ ಎಲ್ಲಿದೆ ಎಂದು ಗೊತ್ತಿದ್ದೇ ದೂರು ಕೊಟ್ಟರು ಎಂದಾಯಿತು. ಕೆಲಸದಾಳು ಬಿಟ್ಟುಬಂದಿದ್ದರೆ, ‘ನನಗೆ ತಿಳಿದಿರಲಿಲ್ಲ, ಶೆಡ್ಡು ಖಾಲಿ ಕಂಡೆ’ ಎನ್ನಲು ಅವರಿಗೆ ಬಾಗಿಲು ತೆರೆದಿರುತ್ತದೆ. ಆಗ ಆ ಆಳು ಯಜಮಾನನಿಗೆ ಹೇಳಿದ್ದನೇ ಎಂಬುದರ ಮೇಲೆ ಇಡೀ ಕೇಸು ನಿಲ್ಲುತ್ತದೆ.

ಕ್ರಿಮಿನಲ್ ಕೋರ್ಟಿನ ತೀರ್ಪೊಂದನ್ನೇ ನೆಚ್ಚಿಕೊಳ್ಳಬೇಡಿ. ಕೇಸು ನಿಮ್ಮ ಪರವಾಗಿ ಮುಗಿಯಿತು ಎಂಬುದಕ್ಕಷ್ಟೇ ಅದು ಸಾಕ್ಷ್ಯ. ಅದರೊಳಗೆ ಮ್ಯಾಜಿಸ್ಟ್ರೇಟರು ಏನು ಬರೆದಿದ್ದಾರೆಂಬುದು ಸಿವಿಲ್ ನ್ಯಾಯಾಧೀಶರನ್ನು ಕಟ್ಟಿಹಾಕುವುದಿಲ್ಲ. ಅಂಗಡಿಯ ಮೆಕ್ಯಾನಿಕ್ ಮತ್ತೆ ಬಂದು ಸಾಕ್ಷಿ ನುಡಿಯಬೇಕು. ನೆರೆಯವರು ಅಂದು ಪಾಟೀ ಸವಾಲಿನಲ್ಲಿ ಒಪ್ಪಿಕೊಂಡದ್ದರ ದೃಢೀಕೃತ ನಕಲು ತೆಗೆಸಿ, ಅದನ್ನು ಅವರ ಮುಂದಿಟ್ಟು ಮತ್ತೆ ಪ್ರಶ್ನಿಸಬೇಕು.

ನಿವೃತ್ತ ಸಬ್ ಇನ್‌ಸ್ಪೆಕ್ಟರ್, ಶಿವಮೊಗ್ಗ

ವಕೀಲರುಗಳು ಬರೆಯುವ ಮುಂಚೆ ನನ್ನದೊಂದು ಮಾತು. ಇಂಥ ದಾವೆಗಳಲ್ಲಿ ಪ್ರತಿವಾದಿ ಮೊದಲು ಹೇಳುವುದೇ ಇದು: ‘ನಾನು ಬರೀ ಮಾಹಿತಿ ಕೊಟ್ಟೆ. ತನಿಖೆ ಮಾಡಿದ್ದು, ಚಾರ್ಜ್‌ಶೀಟ್ ಹಾಕಿದ್ದು ಪೊಲೀಸರು. ಅವರನ್ನು ಕೇಳಿ.’ ಇದಕ್ಕೆ ಬಹಳ ಹಿಂದೆಯೇ ಉತ್ತರ ಸಿಕ್ಕಿದೆ. 1908ರಲ್ಲಿ ಗಯಾ ಪ್ರಸಾದ್ ಮತ್ತು ಭಗತ್ ಸಿಂಗ್ ಎಂಬುವರ ನಡುವಿನ ಮೊಕದ್ದಮೆಯಲ್ಲಿ (ನಮ್ಮ ಕ್ರಾಂತಿಕಾರಿ ಭಗತ್ ಸಿಂಗ್ ಆಗಿನ್ನೂ ತೊಟ್ಟಿಲ ಕೂಸು, ಇವರು ಬೇರೆ) ಆಗ ನಮ್ಮ ದೇಶದ ಕೇಸುಗಳಿಗೆ ಕೊನೆಯ ಮೇಲ್ಮನವಿ ಕೋರ್ಟಾಗಿದ್ದ ಲಂಡನ್ನಿನ ಪ್ರಿವಿ ಕೌನ್ಸಿಲ್ ತೀರ್ಮಾನ ಕೊಟ್ಟಿತು. ದೂರು ಕೊಡುವ ಮೊದಲೂ ಕೊಟ್ಟ ಮೇಲೂ ದೂರುದಾರ ಹೇಗೆ ನಡೆದುಕೊಂಡ ಎಂದು ನೋಡಬೇಕು. ಸುಳ್ಳೆಂದು ಗೊತ್ತಿದ್ದೇ ಪೊಲೀಸರ ದಾರಿ ತಪ್ಪಿಸಿ, ಸುಳ್ಳು ಸಾಕ್ಷಿ ಒದಗಿಸಿದ್ದರೆ ಕೇಸು ನಡೆಸಿದವನು ಅವನೇ, ಪೊಲೀಸರಲ್ಲ.

ಆದ್ದರಿಂದ ದೂರಿನ ಪ್ರತಿ ಅಕ್ಷರ ಓದಿ. ಠಾಣೆಯಲ್ಲಿ ಕೂತು ಎಷ್ಟೋ ದೂರು ಬರೆಸಿಕೊಂಡವನು ನಾನು. ‘ಇಂಥವರ ಮೇಲೆ ಅನುಮಾನವಿರುತ್ತದೆ’ ಎಂದು ಬರೆದ ದೂರೇ ಬೇರೆ, ‘ರಾತ್ರಿ ಹತ್ತು ಗಂಟೆಗೆ ಬ್ಯಾಟರಿ ಬೆಳಕಿನಲ್ಲಿ ಖುದ್ದು ನೋಡಿರುತ್ತೇನೆ’ ಎಂದು ಬರೆದ ದೂರೇ ಬೇರೆ. ಅನುಮಾನ ತಪ್ಪಾಗಬಹುದು, ಅದನ್ನು ಯಾರಾದರೂ ಕ್ಷಮಿಸುತ್ತಾರೆ. ಅಂಗಡಿಯಲ್ಲಿದ್ದ ಮೋಟರನ್ನು ನೀವು ಹೊಲದಿಂದ ಹೊತ್ತೊಯ್ಯುವುದನ್ನು ಕಣ್ಣಾರೆ ಕಾಣಲು ಸಾಧ್ಯವೇ ಇಲ್ಲ. ಖುದ್ದು ನೋಡಿದೆ ಎಂದವರು ಆಮೇಲೆ ‘ತಪ್ಪು ತಿಳಿದುಕೊಂಡೆ’ ಎನ್ನಲು ಬರುವುದಿಲ್ಲ. ನಿಮ್ಮ ಪತ್ರದಲ್ಲಿ ‘ಕಣ್ಣಾರೆ’ ಎಂದಿದೆ. ದೂರಿನಲ್ಲೂ ಹಾಗೇ ಇದೆಯೇ ನೋಡಿ. ಇದ್ದರೆ ಅರ್ಧ ಕೆಲಸ ಅವರೇ ಮಾಡಿಕೊಟ್ಟಿದ್ದಾರೆ. ತನಿಖೆಯಲ್ಲಿ ಪೊಲೀಸರಿಗೆ ಕೊಟ್ಟ ಮರುಹೇಳಿಕೆಯನ್ನೂ ಪಕ್ಕದಲ್ಲಿಟ್ಟು ಓದಿ, ಅಲ್ಲಿ ಮಾತು ಬದಲಾಗಿರುವುದುಂಟು.

ಗೃಹಿಣಿ, ಧಾರವಾಡ

ನಮ್ಮ ಅಣ್ಣಂದೂ ಹಿಂಗ ಆಗಿತ್ರಿ. ಹೊಡೆದಾಟದ ಕೇಸು, ಸುಳ್ಳು. ಸಾಕ್ಷಿಗಳು ಉಲ್ಟಾ ಹೊಡೆದ್ರು, ಅಣ್ಣ ಬಿಡುಗಡೆ ಆದ. ನಾವು ಗೆದ್ವಿ ಅಂತ ಪೇಢೆ ಹಂಚಿದ್ವಿ, ಆಮೇಲೆ ಪರಿಹಾರಕ್ಕ ದಾವೆ ಹಾಕಿದ್ವಿ. ದಾವೆಯೊಳಗ ಬರೆಸಿದ್ದು ಬರೀ ಹಳೇ ಜಗಳ: ಗಣಪತಿ ಹಬ್ಬದ ಗದ್ದಲ, ಪಂಚಾಯ್ತಿ ಇಲೆಕ್ಷನ್, ಕೊಟ್ಟಿಗಿ ಗೋಡೆ. ಎದುರಿನ ವಕೀಲರು ಅಣ್ಣನ್ನ ಕಟಕಟೆಯೊಳಗ ನಿಲ್ಲಿಸಿ ಒಂದೊಂದೇ ಒಪ್ಪಿಸಿದ್ರು. ‘ಹೌದ್ರಿ, ಜಗಳ ಇತ್ತು. ಹೌದ್ರಿ, ನಾನೂ ಬೈದೀನಿ.’ ಕಡೀಕ ಅವರು ಹೇಳಿದ್ದೇನು ಗೊತ್ತೇನ್ರಿ? ಇಷ್ಟೊಂದು ವೈರ ಇದ್ದವನೇ ಹೊಡೆದಿರಬೇಕು ಅಂತ ನಮ್ಮ ಕಕ್ಷಿದಾರ ನಂಬಿದ್ದರಾಗ ತಪ್ಪೇನೈತಿ ಅಂತ. ನಾವೇ ಹೊಸೆದ ಹಗ್ಗ ನಮ್ಮ ಕೊರಳಿಗೇ ಬಂತು.

ಸಾಕ್ಷಿ ಬರಲಿಲ್ಲ ಅಂತ ಬಿಡುಗಡೆ ಆದ್ರ, ಕೇಸು ಸುಳ್ಳಿತ್ತು ಅಂತ ಅದರಿಂದ ಆಗೂದಿಲ್ಲ ಅಂತ ಜಡ್ಜ್ ಸಾಹೇಬ್ರು ಬರದ್ರು. ಅಣ್ಣ ಆ ದಿನ ಹುಬ್ಬಳ್ಳಿ ದವಾಖಾನಿಯೊಳಗಿದ್ದ, ಅದರ ಕಾಗದ ಮನಿಯಾಗ ಟ್ರಂಕಿನ್ಯಾಗಿತ್ತು. ಅದನ್ನ ಹಾಜರು ಮಾಡ್ರಿ ಅಂತ ಯಾರೂ ಹೇಳಲಿಲ್ಲ. ಅದಕ್ಕ ಹೇಳ್ತೀನಿ ತಮ್ಮಾ, ಜಗಳದ ಪುರಾಣ ಎರಡು ಸಾಲಿನ್ಯಾಗ ಮುಗಿಸು. ರಸೀದಿ ವಿಷಯ ಎರಡು ಪಾನು ಬರೆಸು.

ನಿವೃತ್ತ ಶಿರಸ್ತೇದಾರ, ಮೈಸೂರು

ಅವಧಿಯ ಬಗ್ಗೆ ಯಾರಾದರೂ ಹೇಳಿದ್ದಾರೋ ಇಲ್ಲವೋ. 1963ರ ಕಾಲಮಿತಿ ಕಾಯ್ದೆಯ 74ನೇ ಅನುಚ್ಛೇದದಂತೆ ಇಂಥ ದಾವೆಗೆ ಖುಲಾಸೆಯಾದ ದಿನದಿಂದ ಒಂದೇ ವರ್ಷ. ಏಳು ತಿಂಗಳು ಹೋಗಿದೆ, ಐದು ಉಳಿದಿದೆ. ನಕಲಿಗೆ ಅರ್ಜಿ ಹಾಕಿದ ದಿನಗಳನ್ನು ಕಳೆದು ಲೆಕ್ಕ ಹಾಕುವ ಸೌಲಭ್ಯ ಮೇಲ್ಮನವಿಗೆ ಉಂಟು, ದಾವೆಗೆ ಇಲ್ಲ. ತಡವಾಯಿತು ಮನ್ನಿಸಿ ಎಂಬ ಅರ್ಜಿಯೂ ದಾವೆಗೆ ನಡೆಯುವುದಿಲ್ಲ. ದೂರು, ಹೇಳಿಕೆಗಳು, ಮಹಜರು, ಪಾಟೀ ಸವಾಲು, ರಸೀದಿ, ತೀರ್ಪು, ಎಲ್ಲಕ್ಕೂ ಈ ವಾರವೇ ನಕಲು ಶಾಖೆಯಲ್ಲಿ ಅರ್ಜಿ ಕೊಡಿ.

ಕೇಳುವ ಮೊತ್ತದ ಮೇಲೆ ಕೋರ್ಟ್ ಫೀ ಕಟ್ಟಬೇಕಾಗುತ್ತದೆ. ಸಿಟ್ಟಿನಲ್ಲಿ ಐವತ್ತು ಲಕ್ಷ ಬರೆಸಬೇಡಿ. ವಕೀಲರ ಫೀಸಿನ ರಸೀದಿ, ಜಾಮೀನಿನ ಖರ್ಚು, ನಾಲ್ಕು ದಿನದ ಜೈಲು, ಊರಲ್ಲಿ ಹೋದ ಮಾನ, ಹೀಗೆ ಲೆಕ್ಕ ಕೊಟ್ಟು ಕೇಳಿ.

ಅಂಗಡಿ ಮಾಲೀಕರು, ಮಂಗಳೂರು

ಎಲ್ಲರೂ ಒಂದೇ ಕಡೆ ನಿಂತಿದ್ದೀರಿ, ನಾನು ಆಚೆ ಕಡೆಯವ. ನನ್ನ ಗಲ್ಲೆಯಿಂದ ಹಣ ಹೋದಾಗ ಕೆಲಸದವನೊಬ್ಬನ ಮೇಲೆ ಅನುಮಾನವಿದೆ ಎಂದು ದೂರು ಕೊಟ್ಟಿದ್ದೆ. ಆ ದಿನ ಕೀಲಿ ಅವನ ಕೈಯಲ್ಲಿತ್ತು, ಮರುದಿನ ಅವನು ಕೆಲಸಕ್ಕೆ ಬರಲಿಲ್ಲ. ಸಂಶಯದ ಲಾಭದಲ್ಲಿ ಬಿಡುಗಡೆಯಾದ ಮೇಲೆ ನನಗೇ ನೋಟಿಸು ಬಂತು. ದಾವೆ ವಜಾ ಆಯಿತು, ಆದರೂ ಎರಡು ವರ್ಷ ಅಲೆದೆ. ಖುಲಾಸೆಯಾದ ಪ್ರತಿಯೊಬ್ಬನೂ ದೂರುದಾರನನ್ನು ಹಿಡಿದೆಳೆಯುವಂತಾದರೆ ಯಾರು ಠಾಣೆ ಮೆಟ್ಟಿಲು ಹತ್ತುತ್ತಾರೆ? ಕಾನೂನು ವಾದಿಯ ಮೇಲೆ ಇಷ್ಟು ಭಾರ ಹೊರಿಸಿರುವುದು ಸರಿಯೇ ಇದೆ. ನಿಮ್ಮದು ಬೇರೆ ಜಾತಿಯ ಕೇಸು ಎಂದು ಒಪ್ಪುತ್ತೇನೆ, ರಸೀದಿ ನಿಜವಾಗಿದ್ದರೆ.

ಯುವ ವಕೀಲೆ, ಬೆಂಗಳೂರು

ಪತ್ರದ ಕೊನೆಯ ಪ್ಯಾರಾದಲ್ಲಿ ನೀವು ಹಾಗೇ ತೇಲಿಸಿಬಿಟ್ಟ ಒಂದು ಸಂಗತಿ ನನ್ನ ಕಣ್ಣಿಗೆ ಬಿತ್ತು. ಕೇಸು ನಡೆಯುತ್ತಿದ್ದಾಗ ಊರ ಹಿರಿಯರ ಮುಂದೆ ನೆರೆಯವರು, ‘ದಾರಿ ಬಿಟ್ಟರೆ ರಾಜಿ ಮಾಡಿಕೊಳ್ಳುತ್ತೇನೆ’ ಎಂದಿದ್ದರು, ಅದೇ ಮಾತನ್ನು ನಿಮ್ಮ ಮಗನಿಗೆ ವಾಟ್ಸ್ಆ್ಯಪ್ ಧ್ವನಿಸಂದೇಶದಲ್ಲೂ ಕಳಿಸಿದ್ದರು ಎಂದು ಬರೆದಿದ್ದೀರಿ. ಉದ್ದೇಶ ಏನಿತ್ತು ಎಂಬುದಕ್ಕೆ ಇದಕ್ಕಿಂತ ನೇರ ಸಾಕ್ಷ್ಯ ಸಿಗುವುದು ಅಪರೂಪ. ಮೋಟರ್ ಕಳೆದುಕೊಂಡವನಿಗೆ ಬೇಕಾದದ್ದು ಮೋಟರ್. ಇವರು ಕೇಳಿದ್ದು ದಾರಿ. ತಡೆಯಾಜ್ಞೆ ಬಂದ ವಾರದೊಳಗೇ ದೂರು ದಾಖಲಾದ ತಾರೀಖು ಈಗ ಇದರ ಜೊತೆ ನಿಂತು ಅರ್ಥ ಪಡೆಯುತ್ತದೆ. ಒಂಟಿಯಾಗಿ ಅದು ಕಾಕತಾಳೀಯ ಎನಿಸಿಕೊಳ್ಳಬಹುದಿತ್ತು.

ಹಿರಿಯರಲ್ಲಿ ಒಬ್ಬರಾದರೂ, ನಿಮ್ಮ ನೆಂಟರಲ್ಲದವರು, ಕಟಕಟೆ ಹತ್ತಲು ಒಪ್ಪಬೇಕು. ‘ಹಾಗಂತ ಹೇಳಿದರಂತೆ’ ಎನ್ನುವವರು ಬೇಡ, ಕಿವಿಯಾರೆ ಕೇಳಿದವರೇ ಬೇಕು. ಧ್ವನಿಸಂದೇಶ ಬಂದ ಫೋನನ್ನು ಬದಲಾಯಿಸಬೇಡಿ, ಸಂದೇಶ ಅಳಿಸಬೇಡಿ. ಪೆನ್‌ಡ್ರೈವಿಗೆ ಹಾಕಿ ಹಾಜರುಪಡಿಸುವಾಗ ಭಾರತೀಯ ಸಾಕ್ಷ್ಯ ಅಧಿನಿಯಮದ 63ನೇ ಕಲಮಿನ ಪ್ರಮಾಣಪತ್ರ ಜೊತೆಗಿರಬೇಕು, ಇಲ್ಲದಿದ್ದರೆ ಎದುರಿನವರು ಮೊದಲ ದಿನವೇ ಆಕ್ಷೇಪ ಎತ್ತುತ್ತಾರೆ. ಫೋನು ಮಗನದಾದರೆ ಸಾಕ್ಷಿ ಹೇಳಲು ಮಗನೂ ಬರಬೇಕು.

ಒಂದು ಎಚ್ಚರಿಕೆ. ಆ ಸಂದೇಶಕ್ಕೆ ನಿಮ್ಮ ಮಗ ಏನು ಉತ್ತರ ಕೊಟ್ಟಿದ್ದಾನೆ, ಅದನ್ನೂ ವಕೀಲರಿಗೆ ಮೊದಲೇ ತೋರಿಸಿ. ಪಾಟೀ ಸವಾಲಿನಲ್ಲಿ ಅದು ಬಂದೇ ಬರುತ್ತದೆ.